ಸಿಪ್ಯಾಪ್ ಮಾಸ್ಕ್ ಒಗ್ಗದಿದ್ದರೆ?

ಸ್ಲೀಪ್ ಆಪ್ನಿಯಾ ಇದೆ, ಆದರೆ ಸಿಪ್ಯಾಪ್ ಮಾಸ್ಕ್ ಒಗ್ಗುತ್ತಿಲ್ಲವೇ? ನಿಮ್ಮ ಸ್ಲೀಪ್ ಸ್ಟಡಿ ರಿಪೋರ್ಟ್ ತೆಗೆದು, ಮಲಗಿದ ಭಂಗಿಯ ವಿವರ ಹುಡುಕಿ.

ಗಂಟೆಗೆ 22 ಸಲ ಉಸಿರಾಟಕ್ಕೆ ಅಡ್ಡಿ ಎಂದಿದೆ ಅಂದುಕೊಳ್ಳಿ. ಬಿಡಿಸಿ ನೋಡಿದರೆ ಅಂಗಾತ ಮಲಗಿದಾಗ 38, ಮಗ್ಗುಲಾದಾಗ ಬರೀ 6. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಕಟ್ಟುತ್ತದೆ. ಇಂಥವರಿಗೆ ಮಗ್ಗುಲಲ್ಲಿ ಮಲಗುವ ಅಭ್ಯಾಸವೇ ಚಿಕಿತ್ಸೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಡುವುದು ಹಳೆಯ ಉಪಾಯ. ಅದು ಒತ್ತುತ್ತದೆಂದು ಬಹಳ ಜನ ಬಿಟ್ಟುಬಿಡುತ್ತಾರೆ. ಅಂಗಾತವಾದೊಡನೆ ಮೆಲ್ಲಗೆ ಕಂಪಿಸುವ ಬೆಲ್ಟ್ ಅದಕ್ಕಿಂತ ವಾಸಿ. ಆದರೆ ಗೊರಕೆ ನಿಂತಿತೆಂದು ಸುಮ್ಮನಾಗಬೇಡಿ. ಬೆಲ್ಟ್ ಕಟ್ಟಿಕೊಂಡೇ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಿ.

ಮಗ್ಗುಲಲ್ಲೂ ಸಂಖ್ಯೆ ಇಳಿಯದಿದ್ದರೆ? ತೂಕ ಹೆಚ್ಚಿರುವವರು ಶೇ. 10ರಷ್ಟು ಇಳಿಸಿದರೂ ಅಡ್ಡಿಗಳು ಸುಮಾರು ಕಾಲು ಭಾಗ ಕಡಿಮೆಯಾಗಬಹುದು, ಏಕೆಂದರೆ ನಾಲಿಗೆಯೊಳಗಿನ ಕೊಬ್ಬೂ ಕರಗುತ್ತದೆ. ಟಾನ್ಸಿಲ್ ತೀರಾ ದೊಡ್ಡದಿದ್ದರೆ ಆಪರೇಷನ್ ಒಳ್ಳೆಯ ದಾರಿ. ಉಳಿದವರಲ್ಲಿ ಅಂಗುಳಿನ ಆಪರೇಷನ್ನಿನ ಫಲ ಅಷ್ಟು ಖಚಿತವಲ್ಲ.

ಇನ್ನೊಂದು, ನರ ಪ್ರಚೋದನೆ. ಎದೆಯ ಚರ್ಮದಡಿ ಕೂರಿಸಿದ ಸಾಧನ ನಾಲಿಗೆಯ ನರಕ್ಕೆ ಸಣ್ಣ ವಿದ್ಯುತ್ ಕಳಿಸಿ, ನಿದ್ದೆಯಲ್ಲಿ ನಾಲಿಗೆಯನ್ನು ಮುಂದಕ್ಕೆ ತಳ್ಳುತ್ತದೆ. ಅಮೆರಿಕದಲ್ಲಿ ಇದಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲರಿಗೂ ಆಗದು. ಮೊದಲು ಔಷಧ ಕೊಟ್ಟು ನಿದ್ದೆ ಬರಿಸಿ, ಎಂಡೋಸ್ಕೋಪ್‌ ಇಳಿಸಿ ಗಂಟಲು ಎಲ್ಲಿ ಮುಚ್ಚುತ್ತದೆಂದು ನೋಡುತ್ತಾರೆ. ಅಂಗುಳಿನ ಹಿಂದೆ ನಾಲ್ಕೂ ಕಡೆಯಿಂದ ಕುಸಿಯುವವರಲ್ಲಿ ಇದರ ಫಲ ಕಡಿಮೆ.