ಒಂದು ಮಸಾಲೆ ದೋಸೆ, ನಾಲ್ಕು ಗುರುತು

ಬೆಂಗಳೂರಿನ ದರ್ಶಿನಿಯೊಂದರ ಮೆನುವಿನಲ್ಲಿ ಮಸಾಲೆ ದೋಸೆಯ ಪಕ್ಕ ಹಸಿರು ಚುಕ್ಕೆ ಇದೆ ಎಂದುಕೊಳ್ಳಿ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಅದರ ಅರ್ಥ ಮಾಂಸ, ಮೀನು, ಮೊಟ್ಟೆ ಇಲ್ಲ ಎಂದಷ್ಟೇ. ಹಾಲು, ತುಪ್ಪ, ಜೇನುತುಪ್ಪ ಇರಬಹುದು. ಅದೇ ತಿಂಡಿಯನ್ನು ವೀಗನ್, ಜೈನ್, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು ಎಂದು ಬೇರೆ ಬೇರೆಯಾಗಿ ಬರೆಯುವಾಗಲೇ ಗೊಂದಲ ಶುರು.

ದೋಸೆಯನ್ನೇ ಬಿಡಿಸಿ ನೋಡೋಣ. ಅಕ್ಕಿ, ಉದ್ದು, ಮೆಂತ್ಯದ ಹಿಟ್ಟು. ಕಾವಲಿ ಮೇಲೆ ಬೆಣ್ಣೆ. ಒಳಗೆ ಬೆಳ್ಳುಳ್ಳಿಯ ಕೆಂಪು ಚಟ್ನಿ. ಆಲೂಗಡ್ಡೆ, ಈರುಳ್ಳಿ, ಹಸಿ ಶುಂಠಿಯ ಪಲ್ಯ. ಪಕ್ಕದಲ್ಲಿ ಕಾಯಿ ಚಟ್ನಿ, ಸಾಂಬಾರ್.

ವೀಗನ್ ಆಗಬೇಕಾದರೆ ಬೆಣ್ಣೆಯ ಬದಲು ಎಣ್ಣೆ ಹಾಕಬೇಕು, ಚಟ್ನಿಗೆ ಮೊಸರು ಸೇರಿರಬಾರದು, ಸಾಂಬಾರಿನ ಒಗ್ಗರಣೆಗೆ ತುಪ್ಪ ಬಿದ್ದಿರಬಾರದು. ಪಲ್ಯದ ಈರುಳ್ಳಿಗೂ ಆಲೂಗಡ್ಡೆಗೂ ಇಲ್ಲಿ ಅಡ್ಡಿಯಿಲ್ಲ.

ಈರುಳ್ಳಿ-ಬೆಳ್ಳುಳ್ಳಿ ಬೇಡ ಎನ್ನುವವರಿಗೆ ಲೆಕ್ಕ ಬೇರೆ. ಕೆಂಪು ಚಟ್ನಿ ಬಿಡಬೇಕು, ಪಲ್ಯವನ್ನು ಈರುಳ್ಳಿಯಿಲ್ಲದೆ ಮಾಡಬೇಕು, ಸಾಂಬಾರ್ ಪುಡಿಯಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ನೋಡಬೇಕು. ಬೆಣ್ಣೆ, ಆಲೂಗಡ್ಡೆ, ಶುಂಠಿ ಹಾಗೇ ಉಳಿಯಬಹುದು.

ಜೈನ್ ಎಂದು ಬರೆದರೆ ಆಲೂಗಡ್ಡೆಯೂ ಹೋಗುತ್ತದೆ. ನೆಲದೊಳಗೆ ಬೆಳೆಯುವ ಗೆಡ್ಡೆಯೊಂದರಲ್ಲೇ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂಬ ನಂಬಿಕೆಯಿಂದ ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿ ಕೂಡ ವರ್ಜ್ಯ. ಒಣಶುಂಠಿ, ಅರಿಶಿನ ಪುಡಿಯನ್ನು ಹೆಚ್ಚಿನವರು ಒಪ್ಪುತ್ತಾರೆ. ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ ಪಲ್ಯ ಚೆನ್ನಾಗಿ ಒಗ್ಗುತ್ತದೆ. ಹಾಲು, ತುಪ್ಪ ಸಲ್ಲುತ್ತವೆ, ಆದ್ದರಿಂದ ಜೈನ್ ದೋಸೆ ವೀಗನ್ ಆಗಿರಲೇಬೇಕಿಲ್ಲ. ಆಚರಣೆ ಮನೆಯಿಂದ ಮನೆಗೆ ಬದಲಾಗುವುದೂ ಉಂಟು.

ಕನ್ನಡದ ಮೆನುವಿನಲ್ಲಿ ಆಗುವ ಎಡವಟ್ಟು ಎರಡು. ವೀಗನ್‌ಗೆ ‘ಶುದ್ಧ ಸಸ್ಯಾಹಾರಿ’ ಎಂದು ಬರೆದುಬಿಡುವುದು ಒಂದು. ಓದುವವರಿಗೆ ಅದು ಮೊಟ್ಟೆಯಿಲ್ಲದ, ಮಾಂಸ ಬೇಯಿಸದ ಹೋಟೆಲ್ ಎಂದಾಗುತ್ತದೆಯೇ ಹೊರತು ಹಾಲಿಲ್ಲ ಎಂದಾಗುವುದಿಲ್ಲ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದಕ್ಕೆಲ್ಲ ‘ಜೈನ್’ ಅಥವಾ ‘ಸಾತ್ವಿಕ’ ಎನ್ನುವುದು ಇನ್ನೊಂದು. ಹಾಗೆ ಬರೆದ ತಟ್ಟೆಯಲ್ಲಿ ಆಲೂಗಡ್ಡೆ ಕಂಡರೆ ಜೈನ ಗಿರಾಕಿ ಎದ್ದು ಹೋಗುತ್ತಾರೆ.

ಹೆಸರಿನ ಜೊತೆ ಇರುವುದು, ಇಲ್ಲದ್ದು ಎರಡನ್ನೂ ಬರೆದರೆ ಗೊಂದಲ ತೀರುತ್ತದೆ:

ಸಸ್ಯಾಹಾರಿ: ಮೊಟ್ಟೆ ಇಲ್ಲ, ಬೆಣ್ಣೆ ಇದೆ.
ವೀಗನ್: ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಇಲ್ಲ.
ಈರುಳ್ಳಿ-ಬೆಳ್ಳುಳ್ಳಿ ಇಲ್ಲ: ಆಲೂಗಡ್ಡೆ, ಶುಂಠಿ, ಬೆಣ್ಣೆ ಇದೆ.
ಜೈನ್: ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು, ಹಸಿ ಶುಂಠಿ ಇಲ್ಲ, ಬೆಣ್ಣೆ ಇದೆ.

ಮೆನು ಸರಿಯಿದ್ದರೂ ಅಡುಗೆಮನೆಯಲ್ಲಿ ತಪ್ಪಬಹುದು. ಬೆಣ್ಣೆ ದೋಸೆ ಹುಯ್ದ ಕಾವಲಿಯಲ್ಲೇ ವೀಗನ್ ದೋಸೆ ಹುಯ್ದರೆ, ಈರುಳ್ಳಿ ಪಲ್ಯದ ಸೌಟನ್ನೇ ಬಾಳೆಕಾಯಿ ಪಲ್ಯಕ್ಕೆ ಹಾಕಿದರೆ ಆ ಗುರುತು ಸುಳ್ಳಾಗುತ್ತದೆ. ಕಾವಲಿ ಒಂದೇ ಇರುವ ಹೋಟೆಲ್ ಅದನ್ನೂ ಮೆನುವಿನಲ್ಲಿ ತಿಳಿಸಬೇಕು. ಭಟ್ಟರ ಕೈಗೆ ಹೋಗುವ ಆರ್ಡರ್ ಚೀಟಿಯಲ್ಲಿ ‘ಸ್ಪೆಷಲ್’ ಎಂದಷ್ಟೇ ಗೀಚದೆ, ಮೆನುವಿನಲ್ಲಿರುವ ಹೆಸರನ್ನೇ ಬರೆಯಬೇಕು.