ಕಾರು ಕೈಗೆ ಬಂತು, ಆರ್‌ಸಿಯಲ್ಲಿ ಹೆಸರು ಬರಲಿಲ್ಲ

ಹಳೆಯ ಕಾರಿನ ವ್ಯಾಪಾರದಲ್ಲಿ ದುಡ್ಡು, ಕೀಲಿ, ಆರ್‌ಸಿ ಮೂರೂ ಸಾಮಾನ್ಯವಾಗಿ ಒಂದೇ ದಿನ ಕೈ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಆರ್‌ಸಿಯಲ್ಲಿರುವ ಹೆಸರು. ಮಾರಿದವರು ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ‘ನಿಧಾನಕ್ಕೆ ಮಾಡಿಸ್ಕೊಳ್ಳಿ’ ಎಂದು ಹೇಳಿರುತ್ತಾರೆ. ಕೊಂಡವರೂ ನಿಧಾನವೇ ಮಾಡುತ್ತಾರೆ. ಕೊನೆಗೊಮ್ಮೆ ಅರ್ಜಿ ಹಾಕಲು ಕೂತಾಗ ಪರಿವಾಹನ್ ಜಾಲತಾಣದಿಂದ ಓಟಿಪಿ ಹೋಗುವುದು ಹಳೆಯ ಮಾಲೀಕರ ಮೊಬೈಲಿಗೆ. ಅಷ್ಟು ಹೊತ್ತಿಗೆ ಅವರು ಫೋನ್ ಎತ್ತುವುದನ್ನೇ ಬಿಟ್ಟಿರುತ್ತಾರೆ, ಇಲ್ಲವೇ ಇನ್ನಷ್ಟು ದುಡ್ಡು ಕೇಳುತ್ತಿರುತ್ತಾರೆ.

ಇಲ್ಲಿಗೆ ದಾರಿ ಮುಗಿಯಿತು ಎಂದುಕೊಂಡು ವರ್ಷಗಟ್ಟಲೆ ಇನ್ನೊಬ್ಬರ ಹೆಸರಿನ ಗಾಡಿ ಓಡಿಸುವವರು ಬಹಳ ಮಂದಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಮಾರಿದವರಿಗೂ ಕೊಂಡವರಿಗೂ ಬೇರೆ ಬೇರೆ ಹೊಣೆ ಹೊರಿಸಿದೆ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಫಾರಂ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಮ್ಮ ಕಡೆಯ ವರದಿ ಸಲ್ಲಿಸಬೇಕು. ಒಬ್ಬರು ಸುಮ್ಮನಾದರೆ ಇನ್ನೊಬ್ಬರ ಹೊಣೆ ತಪ್ಪುವುದಿಲ್ಲ. ಹಾಗಾಗಿ ಆರ್‌ಟಿಒಗೆ ಲಿಖಿತ ಮನವಿ ಕೊಡುವುದನ್ನು ಕಚೇರಿಯ ದಯೆ ಬೇಡುವುದು ಎಂದು ತಿಳಿಯಬೇಕಿಲ್ಲ. ಕಾನೂನು ಕೊಂಡವರಿಂದ ನಿರೀಕ್ಷಿಸುವ ಕೆಲಸವೇ ಅದು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಮೈಸೂರಿನ ಶಾಲಾ ಶಿಕ್ಷಕಿಯೊಬ್ಬರು ಅದೇ ಊರಿನವರಿಂದ 3,20,000 ರೂಪಾಯಿಗೆ ಕಾರು ಕೊಂಡರು. ಮೂರು ಲಕ್ಷ ಬ್ಯಾಂಕಿನ ಮೂಲಕ ಹೋಯಿತು, ಉಳಿದದ್ದು ನಗದು. ಗಾಡಿ ಒಪ್ಪಿಸಿದ ದಿನ, ಹೊತ್ತು ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿದರು. ನಾಲ್ಕು ತಿಂಗಳ ನಂತರ ಓಟಿಪಿ ಕೇಳಿದರೆ ಮಾರಿದವರು ‘15,000 ಕೊಟ್ರೆ ಹೇಳ್ತೀನಿ’ ಅಂದರು, ಆಮೇಲೆ ನಂಬರ್ ಬ್ಲಾಕ್ ಮಾಡಿದರು.

ಶಿಕ್ಷಕಿ ಮೊದಲು ಮಾಡಬೇಕಾದ್ದು ಆ ಡೆಲಿವರಿ ನೋಟನ್ನು ಹುಡುಕುವುದು. ಮುಂದೆ ಗಾಡಿಯಿಂದ ಏನಾದರೂ ಆದರೆ ತಮ್ಮ ತಲೆಗೆ ಬರದಿರಲಿ ಎಂದು ಇದನ್ನು ಬರೆಸಿಕೊಳ್ಳುವವರು ಮಾರುವವರೇ. ಎಷ್ಟೋ ಸಲ ಕೊಂಡವರು ಪ್ರತಿ ಇಟ್ಟುಕೊಳ್ಳುವುದೇ ಇಲ್ಲ. ಮಾರಾಟ ನಡೆದದ್ದನ್ನು ಇಷ್ಟು ನೇರವಾಗಿ ಹೇಳುವ ಕಾಗದ ಇನ್ನೊಂದಿಲ್ಲ. ಅದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ, ಮೂಲ ಆರ್‌ಸಿ, ಸಹಿಯಾದ ಫಾರಂಗಳು, ಹೆಚ್ಚು ದುಡ್ಡು ಕೇಳಿದ ವಾಟ್ಸ್‌ಆ್ಯಪ್ ಸಂದೇಶದ ಪ್ರಿಂಟ್ ಸೇರಬೇಕು. ಕಚೇರಿಯಿಂದ ಗಾಡಿಯ ಬಿ ಎಕ್ಸ್‌ಟ್ರಾಕ್ಟ್ ಪಡೆದರೆ ದಾಖಲೆಯಲ್ಲಿ ಈಗ ಯಾರ ಹೆಸರಿದೆ, ಯಾವ ವಿಳಾಸವಿದೆ, ಸಾಲದ ನಮೂದು ಉಳಿದಿದೆಯೇ ಎಂಬುದೆಲ್ಲ ತಿಳಿಯುತ್ತದೆ.

ಮನವಿ ಉದ್ದವಾಗಬೇಕಿಲ್ಲ. ‘ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ಹಾಗೂ ನೋಂದಣಿ ಪ್ರಾಧಿಕಾರ’ಕ್ಕೆ ಬರೆದು, ಗಾಡಿಯ ನಂಬರು, ಚಾಸಿ ನಂಬರು, ಮಾರಾಟದ ದಿನಾಂಕ, ಕೊಟ್ಟ ಹಣ ಇವನ್ನು ನೇರವಾಗಿ ಹೇಳಿದರೆ ಸಾಕು. ತೂಕವಿರುವುದು ಕೊನೆಯ ಪ್ಯಾರಾಕ್ಕೆ. ಅದು ಹೀಗಿರಬಹುದು:

‘ನೋಂದಾಯಿತ ಮಾಲೀಕರು ವಾಹನವನ್ನು ನನಗೆ ಮಾರಿ ಪೂರ್ತಿ ಹಣ ಪಡೆದಿದ್ದು, ವರ್ಗಾವಣೆಗೆ ಸಹಕರಿಸುತ್ತಿಲ್ಲ. ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ನನ್ನ ವರದಿಯನ್ನು ಸ್ವೀಕರಿಸಿ, ದಾಖಲೆಯಲ್ಲಿರುವ ವಿಳಾಸಕ್ಕೆ ನೋಟಿಸ್ ಕಳಿಸಿ ಅವರ ಹೇಳಿಕೆ ಪಡೆದು, ವರ್ಗಾವಣೆಯನ್ನು ನಮೂದಿಸಬೇಕಾಗಿ ಕೋರುತ್ತೇನೆ. ಸಾಧ್ಯವಿಲ್ಲವಾದರೆ ಕಾರಣ ಸಹಿತ ಹಿಂಬರಹ ನೀಡಬೇಕಾಗಿ ವಿನಂತಿ.’

ನೋಟಿಸಿನ ಕೋರಿಕೆ ಇರಲೇಬೇಕು. ಹಳೆಯ ಮಾಲೀಕರ ಮಾತು ಕೇಳದೆ ಅವರ ಹೆಸರು ತೆಗೆಯಲು ಯಾವ ಅಧಿಕಾರಿಯೂ ಮುಂದಾಗುವುದಿಲ್ಲ, ಮುಂದಾಗಲೂಬಾರದು. ಕಚೇರಿಯ ಮೊಹರಿರುವ ನೋಟಿಸ್ ಮನೆಗೆ ಬಂದರೆ ಬ್ಲಾಕ್ ಆದ ಫೋನಿಗಿಂತ ಬೇಗ ಉತ್ತರ ಬರುವುದೂ ಉಂಟು. ಮನವಿಯನ್ನು ಟಪಾಲಿನಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಕೌಂಟರಿನಲ್ಲಿ ಬಾಯಿಮಾತಿಗೆ ‘ಆಗಲ್ಲಮ್ಮ, ಪಾರ್ಟೀನ ಕರ್ಕೊಂಡ್ ಬನ್ನಿ’ ಎಂದದ್ದಕ್ಕೆ ದಾಖಲೆ ಇರುವುದಿಲ್ಲ.

ಹಿಂಬರಹ ಇಷ್ಟು ಮುಖ್ಯವಾಗುವುದು ಇದಕ್ಕೇ. ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ನೋಂದಣಿ ಪ್ರಾಧಿಕಾರದ ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಬರಹದಲ್ಲಿ ಆದೇಶವೇ ಇಲ್ಲದಿದ್ದರೆ ಮೇಲ್ಮನವಿ ಯಾವುದರ ಮೇಲೆ? ಕಚೇರಿ ಸುಮ್ಮನೇ ಕೂತರೆ, ಮನವಿಯ ಮೇಲೆ ಏನು ಕ್ರಮವಾಯಿತು, ನೋಟಿಸ್ ಹೋಯಿತೇ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅದಕ್ಕೆ ಉತ್ತರ ಕೊಡಲು 30 ದಿನದ ಗಡುವಿದೆ.

ಆದರೂ ಆರ್‌ಟಿಒ ಕೋರ್ಟಲ್ಲ. ನೋಟಿಸಿಗೆ ಮಾರಿದವರು ‘ನಾನು ಮಾರಿಯೇ ಇಲ್ಲ, ಓಡಿಸಲು ಕೊಟ್ಟಿದ್ದೆ’ ಎಂದೋ ‘ದುಡ್ಡು ಪೂರ್ತಿ ಬಂದಿಲ್ಲ’ ಎಂದೋ ಬರೆದುಕೊಟ್ಟರೆ ಅಧಿಕಾರಿಯ ಕೈ ಕಟ್ಟಿದಂತೆಯೇ. ಆಗ ಮಾಲೀಕತ್ವ ಯಾರದೆಂದು ತೀರ್ಮಾನಿಸಬೇಕಾದ್ದು ಸಿವಿಲ್ ನ್ಯಾಯಾಲಯ. ಅಲ್ಲಿ ಶಿಕ್ಷಕಿಯ ಪಾಯ ಗಟ್ಟಿಯೇ ಇದೆ. ಕಾರು ಚರ ಸ್ವತ್ತು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಒಡೆತನ ದಾಟುವುದು ಎರಡೂ ಕಡೆಯವರ ಒಪ್ಪಂದದ ಮೇಲೆ, ಆರ್‌ಸಿಯಲ್ಲಿ ಹೆಸರು ಬದಲಾದ ದಿನದ ಮೇಲಲ್ಲ. ಹಾಗೆಂದು ಕೋರ್ಟು ಘೋಷಿಸಿ ಡಿಕ್ರಿ ಕೊಟ್ಟರೆ ಅದನ್ನು ಹಿಡಿದು ಮತ್ತೆ ಆರ್‌ಟಿಒಗೆ ಹೋಗಬಹುದು.

ಸಾಲದ ಗಾಡಿಯ ಮಾತೇ ಬೇರೆ. ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾತಿಕೇಷನ್ ನಮೂದಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕೇ ಬೇಕು. ಮಾರಿದವರು ಕಂತು ಬಾಕಿ ಇಟ್ಟಿದ್ದಾರೆಂದರೆ ಅವರು ತಪ್ಪಿಸಿಕೊಳ್ಳುತ್ತಿರುವ ಕಾರಣವೂ ಅದೇ ಇರಬಹುದು. ಹಳೆಯ ಮಾಲೀಕರು ತೀರಿಕೊಂಡಿದ್ದರೂ ಈ ಮನವಿ ನಡೆಯದು. ಅದು ಫಾರಂ 31ರ ದಾರಿ, ವಾರಸುದಾರರು ಮುಂದೆ ಬರಬೇಕಾಗುತ್ತದೆ.

ಕಚೇರಿಯ ಆಚೆ ನಿಂತ ಬ್ರೋಕರ್ ‘ಸೈನ್ ನಾವೇ ಹಾಕಿಸ್ತೀವಿ’ ಎಂದರೆ ಅಲ್ಲಿಂದ ಹೊರಟುಬಿಡಬೇಕು. ಫಾರಂ 29ರ ಮೇಲೆ ಇನ್ನೊಬ್ಬರ ಸಹಿ ಮಾಡುವುದು ಫೋರ್ಜರಿ. ಅಲ್ಲಿಯವರೆಗೆ ನ್ಯಾಯ ತನ್ನ ಕಡೆಗಿದ್ದ ಶಿಕ್ಷಕಿ, ಆ ಒಂದು ಸಹಿಯಿಂದ ತಾನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ಆರ್‌ಟಿಒಗೆ ಮನವಿ ಕೊಡುವ ಮೊದಲೋ ಅದರ ಜೊತೆಗೋ ಮಾರಿದವರಿಗೆ ವಕೀಲರ ನೋಟಿಸ್ ಕಳಿಸುವುದು ಒಳ್ಳೆಯದು, ಅದರಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ನೆನಪಿಸುವುದು ಇನ್ನೂ ಒಳ್ಳೆಯದು. ಆ ಪ್ರಕರಣದ ಮಾರುತಿ 800ನ್ನು ನೋಂದಾಯಿತ ಮಾಲೀಕ 2007ರಲ್ಲೇ ಮಾರಿದ್ದ. ಅದು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿ ಹೋಗಿತ್ತು. 2009ರಲ್ಲಿ ಅಪಘಾತವಾಗಿ ಒಬ್ಬ ಹುಡುಗ ಸತ್ತ. ಆರ್‌ಸಿಯಲ್ಲಿ ಮಾತ್ರ ಆಗಲೂ ಮೊದಲಿನವನದೇ ಹೆಸರು. ಕಾಯ್ದೆಯ ಅರ್ಥದಲ್ಲಿ ಅವನೇ ಮಾಲೀಕ, ಪರಿಹಾರ ಕೊಡುವ ಹೊಣೆಯೂ ಅವನದೇ ಎಂದು ಕೋರ್ಟು ಹೇಳಿತು. 15,000 ರೂಪಾಯಿಯ ಆಸೆಗೆ ಓಟಿಪಿ ತಡೆಹಿಡಿದವರು ತಮ್ಮ ಹೆಸರನ್ನು ಇಂಥದೇ ಅಪಾಯದಲ್ಲಿ ಇಟ್ಟುಕೊಂಡಿರುತ್ತಾರೆ. ಇದನ್ನು ನೋಟಿಸಿನಲ್ಲಿ ಸ್ಪಷ್ಟವಾಗಿ ಬರೆದು, ಉತ್ತರಕ್ಕೆ 15 ದಿನ ಕೊಟ್ಟು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಲಕೋಟೆ ‘ಸ್ವೀಕರಿಸಲಿಲ್ಲ’ ಎಂಬ ಷರಾ ಹೊತ್ತು ವಾಪಸ್ ಬಂದರೆ ಒಡೆಯದೆ ಹಾಗೆಯೇ ಮನವಿಯ ಕಡತಕ್ಕೆ ಸೇರಿಸಬೇಕು.