ಲೇಬಲ್ ಟೆಂಪ್ಲೇಟ್: ಕೈಗೆ ಸಿಗದ ಸರಕನ್ನು ವಿವರಿಸುವ ಬಗೆ

ಕಲಬುರಗಿಯ ತೊಗರಿಬೇಳೆ, ಕಮಲಾಪುರದ ಕೆಂಪು ಬಾಳೆಯ ಚಿಪ್ಸ್ ಪ್ಯಾಕ್ ಮಾಡುವವರಿಗೆಂದು ತಯಾರಿಸಿದ ಲೇಬಲ್ ಟೆಂಪ್ಲೇಟ್ ಬರೀ ಒಂದು ಫೈಲು. ಅದನ್ನು ಮಾರಲು ಮಾಡಿದ ರೀಲ್‌ನಲ್ಲಿ ಅಂದದ ಪ್ಯಾಕೆಟ್ಟಿನ ಚಿತ್ರವಷ್ಟೇ ಇದ್ದರೆ, ಅಚ್ಚಾದ ಲೇಬಲ್ಲೇ ಮನೆಗೆ ಬರುತ್ತದೆಂದು ಜನ ತಿಳಿಯುತ್ತಾರೆ. ‘ಕೊರಿಯರ್ ಯಾವಾಗ ಬರುತ್ತೆ?’ ಎಂಬ ಪ್ರಶ್ನೆ ಬಂದರೆ ವಿವರಣೆ ಸೋತಿದೆ ಎಂದರ್ಥ.

ಆದ್ದರಿಂದ ತೋರಿಸಬೇಕಾದದ್ದು ಬಳಕೆಯನ್ನು. ಮೊಬೈಲ್ ಪರದೆಯನ್ನು ರೆಕಾರ್ಡ್ ಮಾಡುತ್ತಾ ಫೈಲು ತೆರೆಯಬೇಕು. ಅಂಗಡಿಯ ಹೆಸರು ಬದಲಿಸಿ, ‘500 ಗ್ರಾಂ’ ಇದ್ದಲ್ಲಿ ‘1 ಕೆಜಿ’ ಎಂದು ಬರೆದು, ಪಿಡಿಎಫ್ ಆಗಿ ಉಳಿಸುವವರೆಗೆ ನಿಲ್ಲಿಸಬಾರದು. ಖಾಲಿ ಟೆಂಪ್ಲೇಟ್ ಯಾರಿಗೂ ಏನೂ ಹೇಳುವುದಿಲ್ಲ, ತುಂಬಿದ್ದೇ ಹೇಳುತ್ತದೆ. ಎಷ್ಟು ವಿನ್ಯಾಸಗಳಿವೆ, ಯಾವ ಆ್ಯಪ್‌ನಲ್ಲಿ ತೆರೆಯುತ್ತದೆ, ಅದರ ಉಚಿತ ಖಾತೆ ಸಾಕೇ ಎಂಬುದನ್ನು ಈ ದೃಶ್ಯದ ಮೇಲೆಯೇ ಹೇಳಬಹುದು. ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆಯುವುದುಂಟು. ಹಾಗಾಗಿ ಪಿಡಿಎಫ್ ಮಾಡಿಯೇ ಪ್ರೆಸ್ಸಿಗೆ ಕೊಡಬೇಕೆಂಬ ಮಾತೂ ಇಲ್ಲೇ ಬರಬೇಕು.

ಕೊನೆಗೆ, ಟೆಂಪ್ಲೇಟ್‌ನ ಜೊತೆ ಸಿಗದ್ದನ್ನೂ ಹೇಳಬೇಕು. ಆಹಾರ ಪರವಾನಗಿ ಸಂಖ್ಯೆ ಮಾರಾಟಗಾರರದ್ದೇ ಆಗಿರಬೇಕು. ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದ್ದರೂ, ಆ ಗುರುತನ್ನು ಬಳಸುವ ಹಕ್ಕು ನೋಂದಾಯಿತ ಬಳಕೆದಾರರಿಗೆ ಮಾತ್ರ. ಟೆಂಪ್ಲೇಟ್ ಕೊಂಡ ಮಾತ್ರಕ್ಕೆ ಅದು ಸಿಗುವುದಿಲ್ಲ.